ಮೂರು ಸೆಕೆಂಡಿನ ಮೌನ

ಸಿಂದಗಿಯ ಒಂದು ಫೋಟೊ ಸ್ಟುಡಿಯೊದ ಒಳಕೋಣೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಗಾಬರಿಯಾಗಿ ತಿರುಗಿ ನೋಡಿದ. “ಅಕ್ಕೋರ, ಇಲ್ಲಿ ಕ್ಲಿಪ್ ಹಾರೇತ್ರಿ. ಪರದೆ ಕರ್ರಗ ಬರಾಕತ್ತೈತಿ.” ಪಕ್ಕದಲ್ಲಿದ್ದ ಕನ್ನಡ ಶಿಕ್ಷಕಿ ತಲೆಯಾಡಿಸಿದರು. “ಹಾರಿಲ್ಲಪಾ. ಅದು ಹಂಗ ಇರ್ಲಿ, ಮೂರು ಸೆಕೆಂಡು.”

ನಿವೃತ್ತರಾಗುವ ಶಿಕ್ಷಕರಿಗೆ ಹಳೆಯ ವಿದ್ಯಾರ್ಥಿಗಳ ಕ್ಲಿಪ್ಪು, ಸಂದೇಶ ಕೂಡಿಸಿ ಬೀಳ್ಕೊಡುಗೆಯ ವಿಡಿಯೊ ಮಾಡುವುದು ಈ ಭಾಗದಲ್ಲಿ ಈಗ ರೂಢಿ. ಈ ಅಕ್ಕೋರು ಅದಕ್ಕೆ ಸ್ಕ್ರಿಪ್ಟ್ ಬರೆಯುತ್ತಾರೆ. ನಾನು ಹೋಗಿದ್ದೇ ಅವರನ್ನು ಕಾಣಲು.

ಇಂಡಿಯ ನಿವೃತ್ತ ಮುಖ್ಯಗುರುಗಳೊಬ್ಬರು ಹಿಂದಿನದನ್ನು ನೆನೆದರು. ಆಗ ಬಿನ್ನವತ್ತಳೆ ಬರೆಸಿ, ಗಾಜಿನ ಕಟ್ಟು ಹಾಕಿಸಿ, ಸಭೆಯಲ್ಲಿ ಓದಿ ಕೊಡುತ್ತಿದ್ದರು. “ಅದರಾಗ ನಮ್ಮ ಗುಣಾ ಇರ್ತಿದ್ವು, ಹುಡುಗೂರ ದನಿ ಇರ್ತಿರ್ಲಿಲ್ಲ” ಎಂದರು.

ಸರ್ಕಾರಿ ಶಿಕ್ಷಕರಿಗೆ 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ತಿಂಗಳ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಗೇ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯಲ್ಲಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದ ಕಾಲದವರು ಹಲವರಿದ್ದಾರೆ. ಅವರೆಲ್ಲ ಮೇ 31ಕ್ಕೆ ಹೊರಡುತ್ತಾರೆ. ಹಾಗಾಗಿ ಬೇಸಿಗೆ ರಜೆಯೇ ಅಕ್ಕೋರ ಸುಗ್ಗಿ. ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರು ಜಾತ್ರೆಗೆ, ಮದುವೆಗೆ ಊರಿಗೆ ಬಂದಿರುತ್ತಾರೆ. ಮುದ್ದೇಬಿಹಾಳದಲ್ಲೋ ಬಸವನ ಬಾಗೇವಾಡಿಯಲ್ಲೋ ಸಿಕ್ಕಿದವರನ್ನು ಅಕ್ಕೋರು ಮಾತಾಡಿಸುತ್ತಾರೆ. ಬರಲಾಗದವರಿಗೆ ಫೋನು.

“ಸರ್ ಬಗ್ಗೆ ಎರಡು ಮಾತು ಹೇಳ್ರಿ ಅಂದ್ರ ಕೆಟ್ಟಿತು. ಎಲ್ಲಾರೂ ಭಾಷಣಾನ ಮಾಡ್ತಾರ.” ಅದಕ್ಕೇ ಅವರು ಒಂದೇ ಪ್ರಶ್ನೆ ಕೇಳುವುದಿಲ್ಲ. ಸರ್ ನಿಮ್ಮ ಕೈಯಾಗ ಏನು ಕೊಟ್ಟಿದ್ರು? ಯಾವ ದಿನ ಅವರಿಗೆ ಸಿಟ್ಟು ಬಂದಿತ್ತು? ನೀವು ಕೂಡ್ರೋ ಜಾಗಾ ಎಲ್ಲಿತ್ತು? ಹೀಗೆ ಕೇಳಿದರೆ ‘ಶಿಸ್ತಿನ ಸಿಪಾಯಿ’ ಎನ್ನುವ ಮಾತು ಹೋಗಿ, ಮಳೆಯಲ್ಲಿ ನೆನೆದ ಪಾಟಿಚೀಲವನ್ನು ಸರ್ ತಮ್ಮ ಸೈಕಲ್ಲಿನ ಮೇಲೆ ಒಣಗಿಸಿದ್ದು ಬರುತ್ತದೆ.

ಈ ಸಲದ್ದು ಗಣಿತದ ಸರ್ ಒಬ್ಬರ ವಿಡಿಯೊ. 43 ಕ್ಲಿಪ್ಪು, ಕೂಡಿಸಿದರೆ 52 ನಿಮಿಷ. ಆಗಬೇಕಾದದ್ದು 11 ನಿಮಿಷ. ಅದಕ್ಕೂ ಉದ್ದವಾದರೆ ಹಾರ-ತುರಾಯಿಗೆ ಕಾದ ಜನ ಏಳತೊಡಗುತ್ತಾರೆ. ಅಕ್ಕೋರು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಕಾಣುವುದನ್ನೂ ಬಲಕ್ಕೆ ಕೇಳುವುದನ್ನೂ ಬರೆಯುತ್ತಾರೆ. ಪ್ರತಿ ಕ್ಲಿಪ್ಪನ್ನೂ ಮೂರು ಸಲ ಕೇಳಿ, ಜೀವ ಇರುವ ಒಂದು ವಾಕ್ಯದ ಎದುರು ನಿಮಿಷ-ಸೆಕೆಂಡು ಗುರುತು ಹಾಕುತ್ತಾರೆ. ‘ನಮಸ್ಕಾರ, ನನ್ನ ಹೆಸರು’ ಎಂಬ ಮೊದಲ ಸಾಲು ಹೋಗುತ್ತದೆ. ಹೆಸರೂ ಊರೂ ಪರದೆಯ ಕೆಳಗೆ ಅಕ್ಷರದಲ್ಲಿ ಬರುತ್ತವೆ. ಆ ಅಕ್ಷರದ್ದೂ ಒಂದು ಕಾಟ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಫಾಂಟಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳಾಗುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ. ಅದಕ್ಕೇ ಹೆಸರುಗಳನ್ನು ಅವರು ತಾವೇ ಕೂತು ಓದಿ ನೋಡುತ್ತಾರೆ.

ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದೇ ಕಳಿಸಿದರೆ ಅದು ಕುಗ್ಗಿ, ದೊಡ್ಡ ಪರದೆಯ ಮೇಲೆ ಮುಖ ಕಲಸಿದಂತೆ ಕಾಣುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳುತ್ತಾರೆ. ಫೋನಿನಲ್ಲಿ ತೆಗೆದದ್ದರ ಫ್ರೇಮುಗಳ ವೇಗ ಒಂದೇ ಸಮ ಇರುವುದಿಲ್ಲ. ಹಾಗೇ ಜೋಡಿಸಿದರೆ ಬರಬರುತ್ತ ತುಟಿಯೊಂದು ಕಡೆ, ಮಾತೊಂದು ಕಡೆ. ಹುಡುಗ ಅವನ್ನೆಲ್ಲ ಮೊದಲು ಒಂದೇ ವೇಗಕ್ಕೆ ಬದಲಿಸಿಕೊಳ್ಳುತ್ತಾನೆ.

ಇನ್ನು ಆ ಮೂರು ಸೆಕೆಂಡು. ಸ್ಕ್ರಿಪ್ಟನ್ನು ಅಕ್ಕೋರು ಹಾಜರಿಯ ಹಾಗೆ ಕಟ್ಟಿದ್ದರು. ಸರ್ ಕಲಿಸಿದ ಒಂದು ತರಗತಿಯ ಹೆಸರುಗಳನ್ನು ಅವರ ಜೊತೆಗಾರರೊಬ್ಬರು ಕೂಗುತ್ತಾರೆ. ಒಂದೊಂದು ಹೆಸರಿಗೆ ಒಂದೊಂದು ಮುಖ: ಬಸ್ಸಿನ ಕಂಡಕ್ಟರು, ನರ್ಸು, ಲಿಂಬೆ ತೋಟದಲ್ಲಿ ನಿಂತ ರೈತ. “ಹಾಜರ್ರೀ ಸರ್” ಎಂದು ಮಾತು ಶುರು ಮಾಡುತ್ತಾರೆ. ನಡುವೆ ನಾಲ್ಕು ಹೆಸರಿಗೆ ಯಾರೂ ಓಗೊಡುವುದಿಲ್ಲ. ಏಳನೇತ್ತೆ ಮುಗಿಯುವ ಮೊದಲೇ ತಂದೆ-ತಾಯಿಯ ಜೊತೆ ದುಡಿಯಲು ಹೋದವರು. ಅವರ ನಂಬರು ಯಾರ ಬಳಿಯೂ ಇಲ್ಲ. ಅಲ್ಲಿ ಹಾಡಿಲ್ಲ, ಚಿತ್ರವಿಲ್ಲ, ಕರಿ ಪರದೆ ಅಷ್ಟೇ. “ಎರಡು ಸೆಕೆಂಡಾದ್ರ ಮಂದಿ ಕರೆಂಟ್ ಹೋತು ಅಂತಾರ. ಐದಾದ್ರ ಮಾತಾಡಾಕ ಹತ್ತತಾರ. ಮೂರಕ್ಕ ಸುಮ್ಮನಿರತಾರ.”

ಮೇ 31ರಂದು ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ ಶಾಲೆಯ ಕೋಣೆಯಲ್ಲಿ ನಾನೂ ಕೂತಿದ್ದೆ. ಮೊದಲ ಕರಿ ಪರದೆಗೆ ಎಲ್ಲರೂ ಸುಮ್ಮನಾದರು. ಎರಡನೆಯದಕ್ಕೆ ಸರ್ ಮೆಲ್ಲಗೆ, ತಮ್ಮಷ್ಟಕ್ಕೇ ಎಂಬಂತೆ ಅಂದರು: “ಅವಾ ಲೆಕ್ಕದಾಗ ಭಾಳ ಶ್ಯಾಣ್ಯಾ ಇದ್ದ.”

ಪೆನ್‌ಡ್ರೈವಿನಲ್ಲಿ ಅಕ್ಕೋರು ಸಿದ್ಧ ವಿಡಿಯೊದ ಜೊತೆ ಕತ್ತರಿಸದ 43 ಕ್ಲಿಪ್ಪುಗಳನ್ನೂ ಬೇರೆಯಾಗಿ ಹಾಕಿಕೊಟ್ಟಿದ್ದರು. ಸರ್ ಈಗ ದಿನಾ ಸಂಜೆ ಒಂದೊಂದನ್ನೇ ನೋಡುತ್ತಾರಂತೆ. ಓಗೊಡದ ಆ ನಾಲ್ವರ ಊರುಗಳ ಹೆಸರು ಬರೆದುಕೊಂಡು ಬಸ್ಸಿನ ವೇಳೆ ಕೇಳುತ್ತಿದ್ದರು ಎಂದು ಅಕ್ಕೋರು ಫೋನಿನಲ್ಲಿ ಹೇಳಿದರು.