ರೆಸ್ಯೂಮೆ ಹೇಳದ್ದನ್ನು ಮೇಲ್ ಹೇಳಲಿ

ದಾವಣಗೆರೆಯ ಬಿ.ಕಾಂ ಪದವೀಧರೆಯೊಬ್ಬಳು ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಊರಿನ ಹಾರ್ಡ್‌ವೇರ್ ಸಗಟು ವ್ಯಾಪಾರಿಯ ಬಳಿ ಮೂರು ವರ್ಷ ಲೆಕ್ಕ ನೋಡಿದವಳು. ರೆಸ್ಯೂಮೆ ಅಚ್ಚುಕಟ್ಟಾಗಿದೆ. ಅದನ್ನು ಮೇಲ್‌ಗೆ ಲಗತ್ತಿಸಿ ಹೀಗೆ ಬರೆಯುತ್ತಾಳೆ: ‘ನಾನು ಬಿ.ಕಾಂ ಮುಗಿಸಿದ್ದು, ಅಕೌಂಟ್ಸ್‌ನಲ್ಲಿ ಮೂರು ವರ್ಷ ಅನುಭವವಿದೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಬಲ್ಲೆ. ಶ್ರಮಜೀವಿ, ಬೇಗ ಕಲಿಯುತ್ತೇನೆ. ದಯವಿಟ್ಟು ಲಗತ್ತಿಸಿದ ರೆಸ್ಯೂಮೆ ನೋಡಿ.’

ಇದರಲ್ಲಿ ತಪ್ಪಿಲ್ಲ, ಆದರೆ ಹೊಸದೂ ಇಲ್ಲ. ಮೊದಲೆರಡು ಸಾಲು ರೆಸ್ಯೂಮೆಯಲ್ಲೇ ಇವೆ. ಮೂರನೆಯದನ್ನು ಯಾರು ಬೇಕಾದರೂ ಬರೆಯಬಹುದು, ಬರೆಯುತ್ತಾರೆ ಕೂಡ. ಓದುವ ಎಚ್‌ಆರ್ ಸಿಬ್ಬಂದಿಗೆ ಮೇಲ್‌ನಿಂದ ಏನೂ ಸಿಗದೆ ನೇರ ಫೈಲ್ ತೆರೆಯುತ್ತಾರೆ.

ರೆಸ್ಯೂಮೆಗೆ ಒಂದು ಮಿತಿಯಿದೆ. ಅದು ಎಲ್ಲ ಕಂಪನಿಗಳಿಗೂ ಹೋಗುವ ಕಾಗದ. ಏನು ಮಾಡಿದ್ದೀರಿ, ಎಲ್ಲಿ, ಯಾವಾಗ ಎಂಬುದನ್ನು ಹೇಳುತ್ತದೆ. ಆ ಕೆಲಸವನ್ನು ಹೇಗೆ ಮಾಡಿದಿರಿ, ಅದು ಈ ಕಂಪನಿಗೆ ಯಾಕೆ ಬೇಕು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಮೇಲ್ ತುಂಬಬೇಕಾದದ್ದು ಆ ಜಾಗವನ್ನು. ಅದಕ್ಕೆ ಮೊದಲು ಜಾಹೀರಾತನ್ನು ನಿಧಾನವಾಗಿ ಓದಬೇಕು. ಕೇಳಿದ ಹತ್ತು ಅರ್ಹತೆಗಳಲ್ಲಿ ಕಂಪನಿಗೆ ನಿಜವಾಗಿ ತಲೆನೋವಾಗಿರುವುದು ಸಾಮಾನ್ಯವಾಗಿ ಒಂದೋ ಎರಡೋ.

ಪೀಣ್ಯದ ಜಾಹೀರಾತಿನಲ್ಲಿ ‘ಸಪ್ಲೈಯರ್‌ಗಳ ಲೆಕ್ಕ ತಾಳೆ ಹಾಕುವುದು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ನೋಡಿಕೊಳ್ಳುವುದು’ ಎಂದು ಎರಡು ಕಡೆ ಬಂದಿದೆ ಎನ್ನೋಣ. ತಲೆನೋವು ಎಲ್ಲಿದೆ ಎಂದು ಲೆಕ್ಕ ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಂಪನಿ ಮರಳಿ ಪಡೆಯಬೇಕಾದರೆ, ಮಾಲು ಕೊಟ್ಟವರು ಆ ಬಿಲ್ಲನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿರಬೇಕು. 2022ರ ಜನವರಿಯಿಂದ ಇದು ಕಾನೂನಿನಲ್ಲೇ ಷರತ್ತಾಗಿದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಪ್ಲೈಯರ್‌ಗಳಿಗೆ ಮುಂದಿನ ತಿಂಗಳ 11 ಗಡುವು. ಅವರು ತೋರಿಸಿದ ಬಿಲ್‌ಗಳ ಪಟ್ಟಿ ಜಿಎಸ್‌ಟಿಆರ್-2ಬಿ ಎಂಬ ಹೆಸರಿನಲ್ಲಿ 14ರಂದು ಖರೀದಿದಾರನಿಗೆ ಸಿಗುತ್ತದೆ. 20ರೊಳಗೆ ಅವನು ತೆರಿಗೆ ಕಟ್ಟಬೇಕು. ನಡುವೆ ಉಳಿಯುವುದು ಕೆಲವೇ ದಿನ. ಬಿಲ್ ಕಾಣದಿದ್ದರೆ ಆ ತಿಂಗಳ ಮಟ್ಟಿಗೆ ಕಂಪನಿಯ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ನಮ್ಮ ಯುವತಿ ಮೂರು ವರ್ಷ ಮಾಡಿದ್ದು ಇದೇ ಕೆಲಸ. ರೆಸ್ಯೂಮೆಯಲ್ಲಿ ಅದು ‘ಜಿಎಸ್‌ಟಿ ರಿಕನ್ಸಿಲಿಯೇಶನ್’ ಎಂಬ ಎರಡೇ ಪದಗಳಲ್ಲಿ ಮುಗಿದುಹೋಗಿದೆ. ಅವಳು ಮೇಲ್ ಅನ್ನು ಮತ್ತೆ ಬರೆಯಲಿ. ಬೆಂಗಳೂರಿನ ಕಂಪನಿಗಳಿಗೆ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಬರೆಯುವುದು. ವಿಷಯ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

‘ಮಾನ್ಯರೇ,

ನಿಮ್ಮ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಸಪ್ಲೈಯರ್‌ಗಳ ಲೆಕ್ಕ ತಾಳೆ ಹಾಕುವುದು ಈ ಹುದ್ದೆಯ ಮುಖ್ಯ ಕೆಲಸ ಎಂದಿದ್ದೀರಿ. ಈಗ ನನ್ನ ಹೆಚ್ಚಿನ ಸಮಯ ಹೋಗುವುದೂ ಅದಕ್ಕೇ.

ಮೊದಲು ನಾವು 14ರಂದು 2ಬಿ ಬಂದ ಮೇಲೆ ವ್ಯತ್ಯಾಸ ಹುಡುಕುತ್ತಿದ್ದೆವು. ಅಷ್ಟರಲ್ಲಿ ಸಪ್ಲೈಯರ್‌ಗಳ ಗಡುವು ದಾಟಿರುತ್ತಿತ್ತು. ಪದೇ ಪದೇ ತಡಮಾಡುವವರ ಪಟ್ಟಿ ಮಾಡಿಕೊಂಡು, ಪ್ರತಿ ತಿಂಗಳು 5ರೊಳಗೆ ಬಿಲ್ ನಂಬರ್ ಸಮೇತ ಅವರಿಗೆ ನೆನಪಿಸತೊಡಗಿದೆ. ಈಗ 14ರ ನಂತರ ಉಳಿಯುವ ಬಿಲ್‌ಗಳು ಬೆರಳೆಣಿಕೆಯಷ್ಟು.

ಕಾರ್ಖಾನೆಯ ಜಾಬ್ ವರ್ಕ್ ಚಲನ್‌ಗಳನ್ನು ನಾನು ಕೈಯಾರೆ ನಿರ್ವಹಿಸಿಲ್ಲ. ನಿಯಮಗಳನ್ನು ಓದಿಕೊಂಡಿದ್ದೇನೆ.

ದಾಸರಹಳ್ಳಿಯಲ್ಲಿ ಅಣ್ಣನ ಮನೆಯಿದೆ, ಅಲ್ಲಿಂದಲೇ ಓಡಾಡುತ್ತೇನೆ. ನೋಟಿಸ್ ಪೀರಿಯಡ್ 30 ದಿನ. ರೆಸ್ಯೂಮೆ ಲಗತ್ತಿಸಿದ್ದೇನೆ.’

ಇಷ್ಟೇ. ಫೋನಿನಲ್ಲಿ ಒಂದೆರಡು ಬಾರಿ ಬೆರಳಾಡಿಸಿದರೆ ಮುಗಿಯುತ್ತದೆ. ಎರಡನೇ ಪ್ಯಾರಾ ಇಡೀ ಮೇಲ್‌ನ ಜೀವ. ರೆಸ್ಯೂಮೆಯಲ್ಲಿರುವ ಕೆಲಸವೇ ಇಲ್ಲಿ ಮತ್ತೆ ಬಂದಿದೆ, ಆದರೆ ಪುನರಾವರ್ತನೆ ಅನಿಸುವುದಿಲ್ಲ. ಮೊದಲು ಹೇಗಿತ್ತು, ಅವಳು ಏನು ಬದಲಿಸಿದಳು, ಈಗ ಹೇಗಿದೆ ಎಂಬ ಮೂರು ಹೊಸ ಸಂಗತಿ ಓದುವವರಿಗೆ ಸಿಗುತ್ತದೆ. ‘ಶ್ರಮಜೀವಿ’ ಎಂದು ಹೇಳಿಕೊಳ್ಳದೆಯೇ ಅವಳ ಕೆಲಸದ ರೀತಿ ಕಾಣುತ್ತದೆ. ಇಂಥ ಉದಾಹರಣೆ ಒಂದೇ ಸಾಕು. ಮೂರು ಕೊಟ್ಟರೆ ಅದೇ ಇನ್ನೊಂದು ರೆಸ್ಯೂಮೆಯಾಗುತ್ತದೆ. ಹಾಗೆಯೇ ಹಳೆಯ ಮಾಲೀಕರ ವಹಿವಾಟಿನ ಮೊತ್ತ, ಸಪ್ಲೈಯರ್‌ಗಳ ಹೆಸರು ಇಲ್ಲಿ ಬರಬಾರದು. ಇಂದು ಅವರ ಗುಟ್ಟು ಬಿಟ್ಟುಕೊಟ್ಟವರು ನಾಳೆ ನಮ್ಮದನ್ನೂ ಬಿಟ್ಟುಕೊಡುತ್ತಾರೆ ಎಂದು ಓದುವವರು ಎಣಿಸುತ್ತಾರೆ.

ಜಾಬ್ ವರ್ಕ್ ಬಗ್ಗೆ ಬರೆದ ಸಾಲನ್ನು ತೆಗೆದುಬಿಡು ಎಂದು ಹಲವರು ಸಲಹೆ ಕೊಡಬಹುದು. ಇರಲಿ ಎನ್ನುತ್ತೇನೆ ನಾನು. ಸಗಟು ಅಂಗಡಿಯಿಂದ ಬಂದವಳಿಗೆ ಕಾರ್ಖಾನೆಯ ಲೆಕ್ಕ ಪೂರ್ತಿ ಗೊತ್ತಿರುವುದಿಲ್ಲ ಎಂಬುದು ಮ್ಯಾನೇಜರಿಗೆ ಹೇಗೂ ತಿಳಿಯುತ್ತದೆ. ಸಂದರ್ಶನದಲ್ಲಿ ಬಯಲಾಗುವುದಕ್ಕಿಂತ ಮೊದಲೇ ಹೇಳಿದರೆ ಉಳಿದ ಮಾತಿಗೆ ತೂಕ ಬರುತ್ತದೆ. ಆದರೆ ಜಾಹೀರಾತಿನಲ್ಲಿ ಕಡ್ಡಾಯ ಎಂದಿರುವ ಅರ್ಹತೆಯೇ ಇಲ್ಲದಿದ್ದರೆ ಯಾವ ಮೇಲ್ ಕೂಡ ಕೈಹಿಡಿಯದು.

ದಾಸರಹಳ್ಳಿಯ ಸಾಲು ಸಣ್ಣದಾಗಿ ಕಂಡರೂ ದೊಡ್ಡ ಕೆಲಸ ಮಾಡುತ್ತದೆ. ಹೊರ ಊರಿನ ವಿಳಾಸ ಕಂಡಾಗ ‘ಇವರು ನಿಜವಾಗಿ ಬರುತ್ತಾರಾ, ಬಂದರೂ ಉಳಿಯುತ್ತಾರಾ’ ಎಂಬ ಅನುಮಾನ ಏಳುತ್ತದೆ. ರೆಸ್ಯೂಮೆ ಆ ಅನುಮಾನವನ್ನು ಹುಟ್ಟಿಸುತ್ತದೆ, ಉತ್ತರಿಸುವುದಿಲ್ಲ. ನಡುವೆ ಎಂಟು ತಿಂಗಳು ಕೆಲಸವಿಲ್ಲದ ಅಂತರವಿದ್ದರೂ ಹೀಗೇ. ‘ತಂದೆಯವರ ಚಿಕಿತ್ಸೆಗಾಗಿ ಕೆಲಸ ಬಿಟ್ಟಿದ್ದೆ, ಈಗ ಆ ಜವಾಬ್ದಾರಿ ಮುಗಿದಿದೆ’ ಎಂಬ ಒಂದು ಸಾಲು ಸಾಕು. ವಿವರಿಸಿ ಬರೆದಷ್ಟೂ ಸಮಜಾಯಿಷಿಯಂತೆ ಕೇಳುತ್ತದೆ. ಸಂಬಳದ ಮಾತು ಅವರು ಕೇಳಿದ್ದರೆ ಮಾತ್ರ.

ಒಂದು ವಿಷಯದಲ್ಲಿ ಎಚ್ಚರ ಬೇಕು. ಎಚ್‌ಆರ್ ಕಡೆಯವರು ಹಲವು ಬಾರಿ ಮೇಲ್ ಬಿಟ್ಟು ರೆಸ್ಯೂಮೆ ಫೈಲ್ ಮಾತ್ರ ಅಕೌಂಟ್ಸ್ ಮ್ಯಾನೇಜರಿಗೆ ದಾಟಿಸುತ್ತಾರೆ. ಆದ್ದರಿಂದ ಪದವಿ, ಅನುಭವದ ವರ್ಷ, ಫೋನ್ ನಂಬರ್‌ನಂಥ ಅಗತ್ಯ ಸಂಗತಿಗಳು ರೆಸ್ಯೂಮೆಯಲ್ಲಿ ಇರಲೇಬೇಕು. ಮೇಲ್‌ನಲ್ಲಷ್ಟೇ ಹೇಳಿ ಬಿಡುವುದು ಅಪಾಯ. ಕವರ್ ಲೆಟರನ್ನು ಬೇರೆ ಫೈಲಾಗಿ ಲಗತ್ತಿಸುವುದಕ್ಕಿಂತ, ಅವರು ಹಾಗೆ ಕೇಳಿರದಿದ್ದರೆ, ಮೇಲ್‌ನ ಒಳಗೇ ಬರೆಯುವುದು ಒಳ್ಳೆಯದು. ಇನ್ನೊಂದು ಫೈಲ್ ತೆರೆಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ವಿಷಯದ ಸಾಲಿನಲ್ಲಿ ಬರೀ ‘ಕೆಲಸಕ್ಕೆ ಅರ್ಜಿ’ ಎಂದು ಬರೆದರೆ ನೂರು ಮೇಲ್‌ಗಳ ನಡುವೆ ಅದನ್ನು ಹುಡುಕುವುದು ಕಷ್ಟ. ‘ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆ – ಜಿಎಸ್‌ಟಿ ಅನುಭವ 3 ವರ್ಷ – 30 ದಿನದಲ್ಲಿ ಸೇರಬಲ್ಲೆ’ ಎಂದರೆ ತೆರೆಯುವ ಮೊದಲೇ ಅರ್ಧ ವಿಷಯ ತಿಳಿಯುತ್ತದೆ.

ಬರೆದಾದ ಮೇಲೆ ರೆಸ್ಯೂಮೆಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಅಲ್ಲಿ ಆಗಲೇ ಇರುವ ಪ್ರತಿ ಸಾಲನ್ನೂ ಮೇಲ್‌ನಿಂದ ಹೊಡೆದುಹಾಕಿ. ಆಮೇಲೆ ಕಂಪನಿಯ ಹೆಸರು ಬದಲಿಸಿ ಓದಿ ನೋಡಿ. ಬೇರೆ ಯಾವ ಕಂಪನಿಗೂ ಅದು ಹಾಗೇ ಹೊಂದುವಂತಿದ್ದರೆ ಜಾಹೀರಾತನ್ನು ನೀವಿನ್ನೂ ಸರಿಯಾಗಿ ಓದಿಲ್ಲ ಎಂದೇ ಅರ್ಥ. ಕಳಿಸುವಾಗ ಫೈಲನ್ನು ಮೊದಲು ಲಗತ್ತಿಸಿ, ಅವರ ಮೇಲ್ ವಿಳಾಸವನ್ನು ಕೊನೆಯಲ್ಲಿ ತುಂಬಿ. ಹಾಗೆ ಮಾಡಿದರೆ ಅರ್ಧ ಬರೆದ ಮೇಲ್ ಕೈತಪ್ಪಿ ಹೋಗುವುದಿಲ್ಲ, ಫೈಲ್ ಮರೆತು ಇನ್ನೊಂದು ಮೇಲ್ ಕಳಿಸುವ ಮುಜುಗರವೂ ತಪ್ಪುತ್ತದೆ.