ಕ್ರೋಮ್‌ಬುಕ್‌ನಲ್ಲಿ ಸ್ಕ್ರೀನ್‌ಶಾಟ್: ಬೇಕಾದಷ್ಟನ್ನೇ ತೆಗೆಯುವ ಬಗೆ

ಮಗಳಿಗೆ ಕ್ರೋಮ್‌ಬುಕ್ ತಂದ ಮೊದಲ ವಾರ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಕ್ರಮ ನಡೆದಿತ್ತು. ಆನ್‌ಲೈನ್ ಅಭ್ಯಾಸದಲ್ಲಿ ಯಾವುದಾದರೂ ಲೆಕ್ಕ ತಪ್ಪಾದರೆ ಅವಳು ನನ್ನ ಮೊಬೈಲ್ ಇಸಿದುಕೊಂಡು ಲ್ಯಾಪ್‌ಟಾಪಿನ ಪರದೆಯ ಫೋಟೊ ತೆಗೆದು ಮೇಷ್ಟ್ರಿಗೆ ಕಳಿಸುತ್ತಿದ್ದಳು. ಫೋಟೊದ ತುಂಬ ಅಡ್ಡಗೆರೆ, ಒಂದು ಮೂಲೆಯಲ್ಲಿ ಟ್ಯೂಬ್‌ಲೈಟಿನ ಬೆಳಕು. ನಾಲ್ಕನೇ ದಿನ ಮೇಷ್ಟ್ರು, "ಅಂಕೆ ಓದಲಿಕ್ಕೇ ಆಗ್ತಿಲ್ಲಮ್ಮ, ಸ್ಕ್ರೀನ್‌ಶಾಟ್ ಕಳ್ಸು" ಎಂದರು. ಅವಳು ಕೀಬೋರ್ಡನ್ನೆಲ್ಲ ಹುಡುಕಿ, "ಅಮ್ಮಾ, ಇದರಲ್ಲಿ ಪ್ರಿಂಟ್ ಸ್ಕ್ರೀನ್ ಕೀನೇ ಇಲ್ಲ" ಅಂದಳು.

ಅವಳು ಹೇಳಿದ್ದು ನಿಜ. ಕ್ರೋಮ್‌ಬುಕ್ಕಿನ ಕೀಬೋರ್ಡು ವಿಂಡೋಸ್ ಲ್ಯಾಪ್‌ಟಾಪಿನದರಂತೆ ಇರುವುದಿಲ್ಲ. ಕ್ಯಾಪ್ಸ್ ಲಾಕ್ ಇರಬೇಕಾದ ಜಾಗದಲ್ಲಿ ಹುಡುಕುವ ಕೀ ಇದೆ. ಮೇಲಿನ ಸಾಲಿನಲ್ಲಿ ಎಫ್‌1, ಎಫ್‌2 ಎಂದು ಬರೆದಿರುವ ಬದಲು ಚಿಕ್ಕ ಚಿಕ್ಕ ಚಿತ್ರಗಳಿವೆ. ಆ ಸಾಲಿನಲ್ಲಿ ಒಂದು ಚೌಕ, ಅದರ ಬಲಕ್ಕೆ ಒತ್ತಾಗಿ ಎರಡು ನಿಂತ ಗೆರೆ ಇರುವ ಕೀಯನ್ನು ಗುರುತಿಸಿಕೊಳ್ಳಿ. ಹಳೆಯ ಮಾದರಿಗಳಲ್ಲಿ ಅದು ಎಸ್ಕೇಪ್ ಕೀಯಿಂದಾಚೆ ಐದನೆಯದು, ಎಷ್ಟೋ ಹೊಸ ಮಾದರಿಗಳಲ್ಲಿ ನಾಲ್ಕನೆಯದು. ಅದನ್ನು ಒಂದನ್ನೇ ಒತ್ತಿದರೆ ತೆರೆದಿಟ್ಟ ಕಿಟಕಿಗಳೆಲ್ಲ ಚಿಕ್ಕದಾಗಿ ಪಕ್ಕಪಕ್ಕದಲ್ಲಿ ಹರಡಿಕೊಳ್ಳುತ್ತವೆ, ಇನ್ನೊಮ್ಮೆ ಒತ್ತಿದರೆ ಮೊದಲಿನಂತಾಗುತ್ತವೆ. ಈ ಕೆಲಸ ಮಾಡಿದ ಕೀಯೇ ನಮಗೆ ಬೇಕಾದದ್ದು. ಇಲ್ಲಿ ಅದನ್ನು ಕಿಟಕಿ ಕೀ ಎಂದು ಕರೆಯುತ್ತೇನೆ.

ಕಂಟ್ರೋಲ್ ಹಿಡಿದು ಕಿಟಕಿ ಕೀ ಒತ್ತಿದರೆ ಇಡೀ ಪರದೆಯ ಚಿತ್ರ ಆ ಕ್ಷಣಕ್ಕೇ ಸಿಕ್ಕಿಬಿಡುತ್ತದೆ. ಕಂಟ್ರೋಲ್ ಜೊತೆಗೆ ಶಿಫ್ಟನ್ನೂ ಹಿಡಿದು ಕಿಟಕಿ ಕೀ ಒತ್ತಿದರೆ ಚಿತ್ರ ಸಿಗುವುದಿಲ್ಲ, ಬದಲಿಗೆ ಪರದೆಯ ಕೆಳಭಾಗದಲ್ಲಿ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಹೊಸ ಕೆಲವು ಮಾದರಿಗಳಲ್ಲಿ ಕ್ಯಾಮೆರಾದ ಗುರುತಿರುವ ಪ್ರತ್ಯೇಕ ಕೀಯೇ ಇದ್ದು, ಅದೊಂದನ್ನೇ ಒತ್ತಿದರೂ ಇದೇ ಪಟ್ಟಿ ಬರುತ್ತದೆ. ಕೀಗಳ ಜೋಡಣೆ ನೆನಪಿರದವರು ಬಲಗಡೆ ಕೆಳಮೂಲೆಯ ಗಡಿಯಾರದ ಮೇಲೆ ಕ್ಲಿಕ್ ಮಾಡಿ, ಮೇಲೇಳುವ ಫಲಕದಲ್ಲಿ Screen capture ಎಂಬುದನ್ನು ಆರಿಸಿಕೊಳ್ಳಬಹುದು. ಪರದೆಯನ್ನು ಹಿಂದಕ್ಕೆ ಮಡಚಿ ಟ್ಯಾಬ್ಲೆಟ್‌ನಂತೆ ಬಳಸುವಾಗ ಕೀಬೋರ್ಡು ಕೈಗೆ ಸಿಗದು. ಆಗ ಪವರ್ ಬಟನ್ನನ್ನೂ ಧ್ವನಿ ತಗ್ಗಿಸುವ ಬಟನ್ನನ್ನೂ ಒಟ್ಟಿಗೆ ಒತ್ತಬೇಕು. ವಿಂಡೋಸಿನ ಹೊರ ಕೀಬೋರ್ಡನ್ನು ಜೋಡಿಸಿದ್ದರೆ ಕಿಟಕಿ ಕೀಯ ಬದಲು ಎಫ್‌5 ಕೆಲಸ ಮಾಡುತ್ತದೆ. ಒತ್ತಿದಾಗ ಚಿತ್ರ ಬಾರದೆ ಪುಟ ಮಾತ್ರ ಮತ್ತೆ ಲೋಡ್ ಆದರೆ, ಮೇಲಿನ ಸಾಲನ್ನು ಎಫ್ ಕೀಗಳಾಗಿಯೇ ಬಳಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಚಾಲೂ ಇದೆ ಎಂದು ತಿಳಿಯಿರಿ.

ಎರಡು ದಾರಿಗಳಲ್ಲಿ ಸುಲಭವಾದದ್ದು ಮೊದಲನೆಯದೇ. ಆದರೆ ನಾನು ಮಗಳಿಗೆ ಕಲಿಸಿದ್ದು ಎರಡನೆಯದನ್ನು. ಇಡೀ ಪರದೆಯ ಚಿತ್ರದಲ್ಲಿ ಲೆಕ್ಕದ ಜೊತೆಗೆ ಮೇಲೆ ತೆರೆದಿರುವ ಟ್ಯಾಬುಗಳ ಹೆಸರು, ವಿಳಾಸದ ಸಾಲು, ಖಾತೆಯ ಭಾವಚಿತ್ರ, ಕೆಳಗಿನ ಆ್ಯಪ್‌ಗಳ ಸಾಲು, ಅದೇ ಹೊತ್ತಿಗೆ ಇಣುಕಿದ ಮೇಲ್ ಸೂಚನೆ ಎಲ್ಲವೂ ಹೋಗುತ್ತವೆ. ಮೇಷ್ಟ್ರಿಗೆ ಬೇಕಾದದ್ದು ಮೂರು ಸಾಲಿನ ಲೆಕ್ಕ. ಉಳಿದದ್ದನ್ನು ಅವರಿಗೇಕೆ ತೋರಿಸಬೇಕು?

ಈ ಪಟ್ಟಿ ಕ್ರೋಮ್‌ಬುಕ್ಕಿಗೆ ಬಂದದ್ದು 2021ರಲ್ಲಿ. ಎಡತುದಿಯಲ್ಲಿ ಕ್ಯಾಮೆರಾ ಮತ್ತು ವಿಡಿಯೊ ಚಿತ್ರಗಳಿವೆ. ಕ್ಯಾಮೆರಾ ಆರಿಸಿದರೆ ನಿಂತ ಚಿತ್ರ, ವಿಡಿಯೊ ಆರಿಸಿದರೆ ಪರದೆಯ ಮೇಲೆ ನಡೆಯುವುದರ ಮುದ್ರಣ. ನಡುವೆ ಮೂರು ಆಯ್ಕೆಗಳು: ಇಡೀ ಪರದೆ, ಅದರ ಒಂದು ಭಾಗ, ಒಂದೇ ಕಿಟಕಿ. ಬಲಕ್ಕೆ ಸೆಟ್ಟಿಂಗ್ಸ್‌ನ ಹಲ್ಲುಚಕ್ರ, ತುದಿಯಲ್ಲಿ ಮುಚ್ಚುವ ಗುರುತು. ಎಸ್ಕೇಪ್ ಒತ್ತಿದರೂ ಪಟ್ಟಿ ಮುಚ್ಚಿಕೊಳ್ಳುತ್ತದೆ.

ಮಗಳ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಂದು ಅವಳು ವರ್ಗಸಮೀಕರಣವೊಂದನ್ನು ಬಿಡಿಸುವಾಗ ಎರಡನೇ ಹೆಜ್ಜೆಯಲ್ಲಿ ಚಿಹ್ನೆ ತಪ್ಪಿಸಿದ್ದಳು. ಪಟ್ಟಿ ತೆರೆದು, ಕ್ಯಾಮೆರಾ ಆರಿಸಿ, ನಡುವಿನ ಆಯ್ಕೆಗಳಲ್ಲಿ ಭಾಗ ಎಂಬುದನ್ನು ಒತ್ತಿದಳು. ಪರದೆ ತುಸು ಮಂಕಾಯಿತು. ಪ್ರಶ್ನೆಯ ಎಡ ಮೇಲ್ತುದಿಯಲ್ಲಿ ಒತ್ತಿಹಿಡಿದು ಉತ್ತರದ ಬಲ ಕೆಳತುದಿಯವರೆಗೆ ಎಳೆದು ಬಿಟ್ಟಾಗ ಅಷ್ಟು ಜಾಗ ಮಾತ್ರ ಬೆಳ್ಳಗೆ ಉಳಿಯಿತು. ಮೊದಲ ಸಲ ಎಳೆದದ್ದು ಸ್ವಲ್ಪ ಮೇಲಾಗಿ ಕೊನೆಯ ಸಾಲು ಅರ್ಧಕ್ಕೆ ತುಂಡಾಗಿತ್ತು. ಹಾಗಾದರೆ ಮತ್ತೆ ಮೊದಲಿನಿಂದ ಎಳೆಯಬೇಕಿಲ್ಲ. ಚೌಕದ ಅಂಚುಗಳಲ್ಲೂ ಮೂಲೆಗಳಲ್ಲೂ ಇರುವ ಪುಟ್ಟ ಬಿಂದುಗಳನ್ನು ಹಿಡಿದು ಹಿಗ್ಗಿಸಬಹುದು, ಚೌಕದ ಒಳಗೆ ಹಿಡಿದು ಇಡೀ ಚೌಕವನ್ನೇ ಆಚೀಚೆ ಸರಿಸಬಹುದು. ಹದಕ್ಕೆ ಬಂದ ಮೇಲೆ ಚೌಕದಲ್ಲಿ ಕಾಣುವ Capture ಬಟನ್ ಒತ್ತಬೇಕು, ಇಲ್ಲವೆ ಎಂಟರ್ ಒತ್ತಬೇಕು. ಈ ಕಡೆಯ ಒತ್ತುವಿಕೆಯನ್ನೇ ಬಹಳ ಜನ ಮರೆಯುತ್ತಾರೆ. ಚೌಕ ಎಳೆದ ಕೂಡಲೇ ಚಿತ್ರ ಸಿಕ್ಕಿತೆಂದುಕೊಂಡು ಎಸ್ಕೇಪ್ ಒತ್ತಿ, ಆಮೇಲೆ ಚಿತ್ರ ಎಲ್ಲಿ ಹೋಯಿತೆಂದು ಹುಡುಕುತ್ತಾರೆ.

ಚಿತ್ರ ನಿಜವಾಗಿ ಸಿಕ್ಕಿದ್ದರೆ ಬಲಗಡೆ ಕೆಳಗೆ ಅದರ ಚಿಕ್ಕ ರೂಪವಿರುವ ಸೂಚನೆ ಮೇಲೇಳುತ್ತದೆ. ಅದು ಬಾರದಿದ್ದರೆ ಚಿತ್ರವೂ ಇಲ್ಲ. ಸಿಕ್ಕ ಚಿತ್ರ ಒಂದೇ ಸಲಕ್ಕೆ ಎರಡು ಕಡೆ ಸೇರಿಕೊಳ್ಳುತ್ತದೆ. ಒಂದು, Files ಆ್ಯಪ್‌ನ Downloads ಫೋಲ್ಡರು. ಅಲ್ಲಿ Screenshot ಎಂಬ ಪದದ ಮುಂದೆ ದಿನಾಂಕ, ಸಮಯ ಸೇರಿದ ಹೆಸರಿನ ಪಿಎನ್‌ಜಿ ಫೈಲಾಗಿ ಕುಳಿತಿರುತ್ತದೆ. ಇನ್ನೊಂದು ಕ್ಲಿಪ್‌ಬೋರ್ಡು, ಅಂದರೆ ಕಾಪಿ ಮಾಡಿದ್ದು ತಾತ್ಕಾಲಿಕವಾಗಿ ನಿಲ್ಲುವ ಜಾಗ. ಹಾಗಾಗಿ ಮೇಲ್ ಬರೆಯುವ ಜಾಗಕ್ಕೆ ಹೋಗಿ ಕಂಟ್ರೋಲ್ ಮತ್ತು ವಿ ಒತ್ತಿದರೆ ಸಾಕು, ಫೈಲ್ ಹುಡುಕುವ ಕೆಲಸವೇ ಇಲ್ಲ. ಹುಡುಕುವ ಕೀ ಹಿಡಿದು ವಿ ಒತ್ತಿದರೆ ಇತ್ತೀಚೆಗೆ ಕಾಪಿಯಾದ ಐದು ವಸ್ತುಗಳ ಪಟ್ಟಿಯೂ ಕಾಣುತ್ತದೆ.

ಇಲ್ಲೊಂದು ಎಚ್ಚರ ಬೇಕು. ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಒಂದು ಅರ್ಜಿಯ ಚಿತ್ರ ತೆಗೆದೆ, ಸೂಚನೆಯಲ್ಲಿದ್ದ Edit ಒತ್ತಿದೆ. ಚಿತ್ರ Gallery ಆ್ಯಪ್‌ನಲ್ಲಿ ತೆರೆದುಕೊಂಡಿತು. ಮೊಬೈಲ್ ನಂಬರ್ ಇದ್ದ ಸಾಲನ್ನು ಅಲ್ಲೇ ಕತ್ತರಿಸಿ ಉಳಿಸಿ, ಸಮಾಧಾನದಿಂದ ಮೇಲ್‌ನಲ್ಲಿ ಕಂಟ್ರೋಲ್ ವಿ ಒತ್ತಿದೆ. ಬಂದದ್ದು ನಂಬರ್ ಸಮೇತ ಮೊದಲಿನ ಚಿತ್ರ! ಕತ್ತರಿ ಬಿದ್ದದ್ದು ಫೋಲ್ಡರಿನಲ್ಲಿದ್ದ ಫೈಲಿಗೆ. ಚಿತ್ರ ತೆಗೆದ ಕ್ಷಣದಲ್ಲಿ ಕ್ಲಿಪ್‌ಬೋರ್ಡಿಗೆ ಸೇರಿದ ಪ್ರತಿ ಹಾಗೇ ಇತ್ತು. ಆದ್ದರಿಂದ ಚಿತ್ರವನ್ನು ತಿದ್ದಿದ ಮೇಲೆ ಅಂಟಿಸಲು ಹೋಗಬೇಡಿ, ಫೈಲನ್ನೇ ಲಗತ್ತಿಸಿ. ಗುಟ್ಟಿನ ಸಂಖ್ಯೆಯ ಮೇಲೆ ಹೈಲೈಟರ್ ಬಳಿದು ಮುಚ್ಚುವುದೂ ಬೇಡ. ಆ ಬಣ್ಣದಡಿ ಅಂಕೆಗಳು ಕಾಣುತ್ತಲೇ ಇರುತ್ತವೆ. ಎಲ್ಲಕ್ಕಿಂತ ಒಳ್ಳೆಯದು, ಚೌಕ ಎಳೆಯುವಾಗಲೇ ಆ ಸಾಲನ್ನು ಹೊರಗೆ ಬಿಡುವುದು.

ವಿಡಿಯೊ ಆಯ್ಕೆಯ ದಾರಿಯೂ ಇದೇ. ಮುದ್ರಣ ಶುರುವಾಗುವ ಮುನ್ನ ಪರದೆಯ ಮೇಲೆ ಮೂರು, ಎರಡು, ಒಂದು ಎಂಬ ಎಣಿಕೆ ಬರುತ್ತದೆ. ನಿಲ್ಲಿಸಲು ಕೆಳಸಾಲಿನಲ್ಲಿ ಗಡಿಯಾರದ ಹತ್ತಿರ ಮೂಡುವ ಕೆಂಪು ಗುರುತನ್ನು ಒತ್ತಬೇಕು. ಮಾತಾಡುತ್ತಾ ವಿವರಿಸುವವರು ಮೊದಲೇ ಹಲ್ಲುಚಕ್ರ ತೆರೆದು ಮೈಕ್ ಚಾಲೂ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಹತ್ತು ನಿಮಿಷ ಹೇಳಿದ್ದೆಲ್ಲ ಮೂಕಚಿತ್ರವಾಗಿ ಬರುತ್ತದೆ. ವಿಡಿಯೊ ಉಳಿಯುವುದು ವೆಬ್‌ಎಂ ಎಂಬ ಬಗೆಯಲ್ಲಿ, ಅದನ್ನು ತೆರೆಯದ ಫೋನು, ಆ್ಯಪ್‌ಗಳೂ ಇವೆ. ಕಳಿಸುವ ಮೊದಲು ಆ ಕಡೆಯವರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಈ ಪಟ್ಟಿಗೆ ಆಗದ ಕೆಲಸವೂ ಒಂದಿದೆ. ಅದು ತೆಗೆಯುವುದು ಕಣ್ಣಿಗೆ ಕಾಣುವಷ್ಟನ್ನು ಮಾತ್ರ. ಕೆಳಗೆ ಸರಿಸುತ್ತಾ ಹೋಗಬೇಕಾದ ಉದ್ದನೆಯ ಪುಟ ಪೂರ್ತಿ ಬರುವುದಿಲ್ಲ. ಓದಲು ಇಟ್ಟುಕೊಳ್ಳುವುದಷ್ಟೇ ಉದ್ದೇಶವಾದರೆ ಕಂಟ್ರೋಲ್ ಮತ್ತು ಪಿ ಒತ್ತಿ ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಚಿತ್ರವೇ ಬೇಕೆಂದರೆ ಕ್ರೋಮ್ ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್, ಐ ಒತ್ತಿ ಡೆವಲಪರ್ ಫಲಕ ತೆರೆಯಿರಿ. ಬಳಿಕ ಕಂಟ್ರೋಲ್, ಶಿಫ್ಟ್, ಪಿ ಒತ್ತಿ, ಬರುವ ಖಾಲಿ ಸಾಲಿನಲ್ಲಿ ಹೀಗೆ ಬರೆದು ಎಂಟರ್ ಒತ್ತಿ:

```
Capture full size screenshot
```

ಪುಟದ ತಲೆಯಿಂದ ಬುಡದವರೆಗೆ ಒಂದೇ ಚಿತ್ರವಾಗಿ ಇಳಿಯುತ್ತದೆ. ಮೇಲ್‌ನಂಥ, ಒಳಗೇ ಬೇರೆ ಚೌಕಟ್ಟಿನಲ್ಲಿ ಸರಿಯುವ ಪುಟಗಳಲ್ಲಿ ಮಾತ್ರ ಇದು ನಡೆಯದು.

ಒಮ್ಮೊಮ್ಮೆ ಎಲ್ಲ ಸರಿಯಾಗಿ ಒತ್ತಿದರೂ ಚಿತ್ರ ಬರುವುದಿಲ್ಲ. ಅಮೆರಿಕದಲ್ಲಿರುವ ತಂಗಿಯ ಮಗನಿಗೆ ಶಾಲೆಯವರೇ ಕ್ರೋಮ್‌ಬುಕ್ ಕೊಟ್ಟಿದ್ದಾರೆ. ಅವನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಟ್ಟಾಗ, "ದೊಡ್ಡಮ್ಮ, ಅಡ್ಮಿನಿಸ್ಟ್ರೇಟರ್ ಇದನ್ನ ಬಂದ್ ಮಾಡಿದಾರೆ ಅಂತ ಬರ್ತಿದೆ" ಎಂದ. ಶಾಲೆ ಅಥವಾ ಕಚೇರಿಯ ಖಾತೆಯಲ್ಲಿ ಸ್ಕ್ರೀನ್‌ಶಾಟನ್ನೇ ತಡೆಯುವ ಅಧಿಕಾರ ಅದನ್ನು ನೋಡಿಕೊಳ್ಳುವವರಿಗಿದೆ. ಪರೀಕ್ಷೆಯ ಪ್ರಶ್ನೆಗಳು ಹೊರಗೆ ಹೋಗದಿರಲಿ ಎಂದು ಹೀಗೆ ಮಾಡುವುದುಂಟು. ಆಗ ಕೀ ಕೆಟ್ಟಿದೆ ಎಂದು ಕೀಬೋರ್ಡನ್ನು ಬಯ್ಯಬೇಕಿಲ್ಲ, ಶಿಕ್ಷಕರನ್ನು ಕೇಳುವುದೊಂದೇ ದಾರಿ. ಸಿನಿಮಾ ತೋರಿಸುವ ತಾಣಗಳಲ್ಲಿ ಚಿತ್ರ ಬಂದರೂ ವಿಡಿಯೊ ಇರುವ ಜಾಗ ಕಪ್ಪಾಗಿರಬಹುದು. ಅದೂ ಕೃತಿಸ್ವಾಮ್ಯದ ರಕ್ಷಣೆಗಾಗಿ ಬೇಕೆಂದೇ ಮಾಡಿದ್ದು.

ಕೊನೆಯದಾಗಿ, ಸ್ಕ್ರೀನ್‌ಶಾಟ್ ಸೇರುವ Downloads ಫೋಲ್ಡರಿನ ವಿಷಯ. ಗೂಗಲ್ ಖಾತೆಯಿದೆ, ಎಲ್ಲ ತಾನಾಗಿಯೇ ಮೋಡದಲ್ಲಿ ಉಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ಈ ಫೋಲ್ಡರಿನಲ್ಲಿರುವುದು ಉಳಿಯುವುದು ಆ ಒಂದು ಯಂತ್ರದೊಳಗೆ ಮಾತ್ರ. ಅತಿಥಿಯಾಗಿ ಬಳಸಿ ಹೊರಬಂದರೆ ಅಲ್ಲಿ ತೆಗೆದ ಚಿತ್ರಗಳೆಲ್ಲ ಆ ಹೊತ್ತಿಗೇ ಅಳಿಯುತ್ತವೆ. ಯಂತ್ರವನ್ನು ಹೊಸದರಂತೆ ಮಾಡುವ ಪವರ್‌ವಾಶ್ ನಡೆಸಿದರೂ ಉಳಿಯುವುದಿಲ್ಲ. ಪಟ್ಟಿಯ ಹಲ್ಲುಚಕ್ರ ಒತ್ತಿದರೆ Save to ಎಂಬುದರಡಿ ಫೋಲ್ಡರ್ ಆರಿಸುವ ಅವಕಾಶವಿದೆ. ಅಲ್ಲಿ ಗೂಗಲ್ ಡ್ರೈವ್‌ನ ಒಂದು ಫೋಲ್ಡರನ್ನು ತೋರಿಸಿಬಿಡಿ. ಶಾಲೆಯ ಯಂತ್ರವನ್ನು ಬಳಸುವ ಮಕ್ಕಳಿದ್ದರೆ ವರ್ಷಾಂತ್ಯದಲ್ಲಿ ಅದನ್ನು ಹಿಂತಿರುಗಿಸುವ ಮೊದಲು ಒಮ್ಮೆ ಅವರ ಪಕ್ಕ ಕುಳಿತು Downloads ತೆರೆದು ನೋಡಿ, ಬೇಕಾದದ್ದನ್ನು ಡ್ರೈವಿಗೆ ಸಾಗಿಸಿ.