ಹಳದಿ ದೀಪ ಆರದಿದ್ದಾಗ: ಸೆನ್ಸರ್ ಬದಲಿಸುವ ಮುನ್ನ ನೋಡಬೇಕಾದುದು

ಬೆಳಿಗ್ಗೆ ಮೋಟಾರ್ ಸೈಕಲ್ಲಿನ ಕೀಲಿಯನ್ನು ತಿರುವಿದೊಡನೆ ಮೀಟರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಎಂಜಿನ್ ಚಾಲನೆಗೊಂಡ ಕೆಲವೇ ಕ್ಷಣಗಳಲ್ಲಿ ಅದು ಆರಬೇಕು. ಕೀಲಿ ತಿರುವಿದಾಗ ದೀಪ ಹೊತ್ತುವುದು ದೋಷವಲ್ಲ, ದೀಪವು ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಸಾಕ್ಷಿ. ಎಂಜಿನ್ ಓಡುತ್ತಿರುವಾಗಲೂ ಅದು ಆರದಿದ್ದರೆ ಮಾತ್ರ ವಿಚಾರ ಮಾಡಬೇಕಾಗುತ್ತದೆ.

2020ನೆಯ ಇಸವಿಯ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್.-6 ನಿಯಮ ಜಾರಿಗೆ ಬಂದಿತು. ಅಂದಿನಿಂದ ದಿನನಿತ್ಯದ ಓಡಾಟದ ಬಹುಪಾಲು ಗಾಡಿಗಳಲ್ಲಿ ಕಾರ್ಬ್ಯುರೇಟರ್ ಮರೆಯಾಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಎಷ್ಟು ಪೆಟ್ರೋಲನ್ನು ಯಾವ ಕ್ಷಣದಲ್ಲಿ ಸಿಂಪಡಿಸಬೇಕೆಂಬುದನ್ನು ಇ.ಸಿ.ಯು. ಎಂಬ ಪುಟ್ಟ ವಿದ್ಯುನ್ಮಾನ ಪೆಟ್ಟಿಗೆಯು ನಿರ್ಧರಿಸುತ್ತದೆ. ಅದಕ್ಕೆ ತನ್ನದೇ ಆದ ಕಣ್ಣು ಕಿವಿಗಳಿಲ್ಲ. ಎಂಜಿನ್ನಿನ ಅಲ್ಲಲ್ಲಿ ಕುಳಿತ ಸೆನ್ಸರುಗಳು ತಂತಿಯ ಮೂಲಕ ಕಳುಹಿಸುವ ವೋಲ್ಟೇಜೇ ಅದರ ಅರಿವಿನ ಏಕೈಕ ಮಾರ್ಗ. ಆ ವೋಲ್ಟೇಜು ನಿರೀಕ್ಷಿತ ಮಿತಿಯ ಹೊರಗೆ ಹೋದಾಗ ಅದು ಹಳದಿ ದೀಪವನ್ನು ಹೊತ್ತಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೀಪವು ಸಾಮಾನ್ಯವಾಗಿ "ಸೆನ್ಸರ್ ಸತ್ತಿದೆ" ಎಂದು ಹೇಳುವುದಿಲ್ಲ. "ಈ ದಾರಿಯಿಂದ ನನಗೆ ಬಂದ ಸುದ್ದಿ ಸರಿಯಾಗಿಲ್ಲ" ಎಂದಷ್ಟೇ ಹೇಳುತ್ತದೆ. ಸುದ್ದಿ ಕೆಡುವುದು ಸೆನ್ಸರಿನಲ್ಲಿಯೂ ಆಗಬಹುದು, ತಂತಿಯಲ್ಲಿಯೂ ಆಗಬಹುದು, ಎರಡನ್ನೂ ಜೋಡಿಸುವ ಕನೆಕ್ಟರಿನಲ್ಲಿಯೂ ಆಗಬಹುದು, ಬ್ಯಾಟರಿಯ ದೌರ್ಬಲ್ಯದಿಂದಲೂ ಆಗಬಹುದು. ಈ ಭೇದವನ್ನು ಅರಿಯದೆ ಅನೇಕರು ಒಳ್ಳೆಯ ಸೆನ್ಸರನ್ನು ಬಿಸುಟು ಹೊಸದಕ್ಕೆ ಹಣ ತೆರುತ್ತಾರೆ.

ಇದಕ್ಕೊಂದು ನಿದರ್ಶನವನ್ನು ನೋಡೋಣ. ಗದಗದ ಕಡೆಯ ಪರಿಚಿತ ಶಿಕ್ಷಕರೊಬ್ಬರು ದಿನಾಲೂ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯ ಶಾಲೆಗೆ ಮೋಟಾರ್ ಸೈಕಲ್ಲಿನ ಮೇಲೆ ಹೋಗಿಬರುತ್ತಾರೆ. ಒಂದು ಭಾನುವಾರ ಗಾಡಿಯನ್ನು ವಾಟರ್ ಸರ್ವಿಸ್ ಮಾಡಿಸಿದರು. ಸೋಮವಾರದಿಂದ ಹಳದಿ ದೀಪ ಆರಲಿಲ್ಲ. ಬೆಳಗಿನ ಹೊತ್ತು ಗಾಡಿ ಚಾಲನೆಗೊಳ್ಳಲು ತಡಮಾಡತೊಡಗಿತು, ಮೈಲೇಜು ಇಳಿಯಿತು. ಒಂದು ಗ್ಯಾರೇಜಿನವರು ನೋಡಿದೊಡನೆಯೇ "ಸರ್, ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು" ಎಂದುಬಿಟ್ಟರು. ಶಿಕ್ಷಕರು ಅವಸರಪಡದೆ ಸ್ಕ್ಯಾನರ್ ಇದ್ದ ಇನ್ನೊಬ್ಬ ಮೆಕ್ಯಾನಿಕರ ಬಳಿಗೆ ಹೋದರು.

ಆ ಮೆಕ್ಯಾನಿಕರು ಮೊದಲು ಮಾಡಿದ್ದು ಬ್ಯಾಟರಿಯ ಪರೀಕ್ಷೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಸ್ಥಿತಿಯ ಬ್ಯಾಟರಿ ಸುಮಾರು 12.4ರಿಂದ 12.8 ವೋಲ್ಟ್ ತೋರಬೇಕು. ಎಂಜಿನ್ ಓಡುವಾಗ ಅದು ಸುಮಾರು 13.5ರಿಂದ 14.5ಕ್ಕೆ ಏರಬೇಕು. ನಿಂತಾಗಲೇ 12ಕ್ಕಿಂತ ಕೆಳಗಿದ್ದರೆ, ಇಲ್ಲವೆ ಎಂಜಿನ್ ಓಡಿದಾಗ ಏರದಿದ್ದರೆ, ಸೆನ್ಸರಿನ ಮಾತನ್ನು ಬದಿಗಿಟ್ಟು ಮೊದಲು ಬ್ಯಾಟರಿಯನ್ನೂ ಚಾರ್ಜಿಂಗ್ ವ್ಯವಸ್ಥೆಯನ್ನೂ ನೋಡಬೇಕು. ಟರ್ಮಿನಲ್ಲುಗಳ ಮೇಲೆ ಬಿಳಿಯ ಪುಡಿ ಕಟ್ಟಿದೆಯೇ, ಅವು ಸಡಿಲವಾಗಿವೆಯೇ, ಫ್ಯೂಸ್ ಸರಿಯಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು. ಶಿಕ್ಷಕರ ಗಾಡಿಯಲ್ಲಿ ಇವೆಲ್ಲವೂ ಸರಿಯಾಗಿದ್ದವು.

ಬಳಿಕ ಸ್ಕ್ಯಾನರನ್ನು ಜೋಡಿಸಿದಾಗ P0118 ಎಂಬ ಸಂಕೇತ ಕಂಡಿತು. ಎಂಜಿನ್ನಿನ ಉಷ್ಣತೆಯನ್ನು ತಿಳಿಸುವ ಸೆನ್ಸರಿನ ದಾರಿಯಲ್ಲಿ ವೋಲ್ಟೇಜು ಮಿತಿಮೀರಿ ಹೆಚ್ಚಾಗಿದೆ ಎಂಬುದು ಅದರ ಅರ್ಥ. ಹೆಚ್ಚಾಗಿದೆ ಎಂಬ ಮಾತಿನಲ್ಲಿಯೇ ರಹಸ್ಯ ಅಡಗಿತ್ತು. ಇ.ಸಿ.ಯು. ಈ ತಂತಿಗೆ 5 ವೋಲ್ಟ್ ಕಳುಹಿಸುತ್ತದೆ, ಸೆನ್ಸರು ಅದನ್ನು ಉಷ್ಣತೆಗೆ ತಕ್ಕಂತೆ ತಗ್ಗಿಸುತ್ತದೆ. ಸಂಪರ್ಕವೇ ಕಡಿದುಹೋದರೆ ತಗ್ಗಿಸುವವರು ಯಾರೂ ಇಲ್ಲದೆ ವೋಲ್ಟೇಜು ಪೂರ್ತಿ 5ರಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಹೆಚ್ಚೆಂಬ ಸಂಕೇತ ಕಂಡಾಗ ದಾರಿ ಎಲ್ಲೋ ತುಂಡಾಗಿದೆಯೇ ಎಂದು ಮೊದಲು ಶಂಕಿಸಬೇಕು. ಇಂಥ ಸಂದರ್ಭದಲ್ಲಿ ಇ.ಸಿ.ಯು. ಸೆನ್ಸರಿನ ಸುದ್ದಿಯನ್ನು ಬಿಟ್ಟು ಒಂದು ಊಹೆಯ ಉಷ್ಣತೆಯನ್ನು ಹಿಡಿದು ಕೆಲಸ ನಡೆಸುತ್ತದೆ. ಆ ಊಹೆ ಬೆಳಗಿನ ತಣ್ಣನೆಯ ಎಂಜಿನ್ನಿಗೆ ಹೊಂದದಿದ್ದರೆ ಚಾಲನೆ ಕಷ್ಟವಾಗುತ್ತದೆ.

ಕೀಲಿಯನ್ನು ಆರಿಸಿ ಅವರು ಕನೆಕ್ಟರನ್ನು ಬಿಡಿಸಿದರು. ತಂತಿಯನ್ನು ಹಿಡಿದು ಎಳೆಯಲಿಲ್ಲ. ಕೊಂಡಿಯನ್ನು ಅದುಮಿ ಪ್ಲಾಸ್ಟಿಕ್ಕಿನ ಭಾಗವನ್ನೇ ಹಿಡಿದು ಬಿಡಿಸಿದರು. ಮಲ್ಟಿಮೀಟರಿನಿಂದ ಸೆನ್ಸರಿನ ರೋಧವನ್ನು ಅಳೆದಾಗ ತಣ್ಣನೆಯ ಎಂಜಿನ್ನಿನಲ್ಲಿ ಸುಮಾರು 2,300 ಓಮ್ ಬಂದಿತು. ಈ ಬಗೆಯ ಸೆನ್ಸರುಗಳಲ್ಲಿ ಸಾಮಾನ್ಯ ಹವೆಗೆ ಎರಡರಿಂದ ಮೂರು ಸಾವಿರ ಓಮ್ ಇರುವುದು ವಾಡಿಕೆ, ಎಂಜಿನ್ ಕಾದಂತೆ ಅದು ನೂರುಗಳಿಗೆ ಇಳಿಯುತ್ತದೆ. ನಿಖರವಾದ ಅಂಕಿ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಸೆನ್ಸರು ಸರಿಯಾಗಿದೆ ಎಂದು ಇದರಿಂದ ತಿಳಿಯಿತು. ಕೀಲಿ ತಿರುವಿ ತಂತಿಯ ಬದಿಯ ಕನೆಕ್ಟರಿನ ಎರಡು ಪಿನ್ನುಗಳ ನಡುವೆ ನೋಡಿದಾಗ 5 ವೋಲ್ಟ್ ಇತ್ತು, ತಂತಿಯೂ ಸರಿ. ಉಳಿದದ್ದು ಅವೆರಡೂ ಕೂಡುವ ಸ್ಥಳ ಮಾತ್ರ. ಅಲ್ಲಿ ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದು, ರಬ್ಬರಿನ ಸೀಲು ಜರುಗಿ ನೀರು ಒಳಹೊಕ್ಕಿತ್ತು. ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಒಣಗಿಸಿ, ಸೀಲನ್ನು ಸರಿಪಡಿಸಿ, ಕೊಂಡಿಯು ಟಕ್ಕೆನ್ನುವಂತೆ ಕೂಡಿಸಿದರು. ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿದ ಮೇಲೆ ದೀಪ ಆರಿತು, ಮತ್ತೆ ಹೊತ್ತಲಿಲ್ಲ. ಹೊಸ ಸೆನ್ಸರಿನ ಖರ್ಚು ಉಳಿಯಿತು.

ಉಷ್ಣತೆಯ ಸೆನ್ಸರಲ್ಲದೆ ಇನ್ನೆರಡು ಹೆಚ್ಚಾಗಿ ತೊಂದರೆ ಕೊಡುತ್ತವೆ. ಒಂದು, ಆಕ್ಸಿಜನ್ ಸೆನ್ಸರ್. ಇದು ಹೊಗೆ ಹೋಗುವ ಕೊಳವೆಯ ಬಾಯಲ್ಲಿ ಕುಳಿತು ಬೆಂಕಿಯಂಥ ಬಿಸಿಯನ್ನೂ ಮಸಿಯನ್ನೂ ಸಹಿಸುತ್ತದೆ. ಇದು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ, ಆದರೆ ಮೈಲೇಜು ಇಳಿಯಬಹುದು, ಪ್ಲಗ್ಗು ಕಪ್ಪಾಗಬಹುದು. ಸೈಲೆನ್ಸರಿನ ಜೋಡಣೆಯಲ್ಲಿ ಸೋರಿಕೆಯಿದ್ದರೂ ಹೊರಗಿನ ಗಾಳಿ ಒಳಸೇರಿ ಅದು ಸುಳ್ಳು ಸುದ್ದಿ ಕೊಡುತ್ತದೆ, ಆದಕಾರಣ ಮೊದಲು ಸೋರಿಕೆಯನ್ನು ನೋಡಬೇಕು. ಇನ್ನೊಂದು, ಥ್ರಾಟಲ್ ಪೊಸಿಷನ್ ಸೆನ್ಸರ್. ಎಕ್ಸಲರೇಟರ್ ಎಷ್ಟು ತಿರುಗಿದೆ ಎಂಬುದನ್ನು ಇದು ತಿಳಿಸುತ್ತದೆ. ಇದರ ಒಳಗಿನ ಹಾದಿ ಸವೆದಾಗ ಎಕ್ಸಲರೇಟರನ್ನು ಮೆಲ್ಲನೆ ತಿರುವಿದರೆ ಒಂದೇ ಜಾಗದಲ್ಲಿ ಗಾಡಿ ತಡವರಿಸುತ್ತದೆ. ಈ ತಡವರಿಕೆ ಪ್ರತಿಸಲವೂ ಅದೇ ಜಾಗದಲ್ಲಿ ಬಂದರೆ ಸೆನ್ಸರಿನ ಮೇಲೆ ಸಂದೇಹಪಡಲು ಕಾರಣವಿದೆ.

ಗಾಡಿ ಬಿದ್ದೆದ್ದ ಮೇಲೆ ಚಾಲನೆಗೊಳ್ಳದಿದ್ದರೆ ಗಾಬರಿಪಡಬೇಕಾಗಿಲ್ಲ. ಅನೇಕ ಗಾಡಿಗಳಲ್ಲಿ ವಾಲುವಿಕೆಯನ್ನು ಅರಿಯುವ ಸೆನ್ಸರಿದ್ದು, ಬಿದ್ದಾಗ ಅದು ಎಂಜಿನ್ನನ್ನು ತಾನೇ ನಿಲ್ಲಿಸುತ್ತದೆ. ಪೆಟ್ರೋಲ್ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೀಲಿಯನ್ನು ಪೂರ್ತಿ ಆರಿಸಿ ಮತ್ತೆ ತಿರುವಿದರೆ ಸಾಕು.

ಮನೆಯಲ್ಲಿ ಮಾಡತಕ್ಕ ಕೆಲಸ ಬ್ಯಾಟರಿ, ಫ್ಯೂಸ್, ಕನೆಕ್ಟರುಗಳಿಗೆ ಸೀಮಿತವಾಗಿರಲಿ. ಪೆಟ್ರೋಲಿನ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡವಿರುತ್ತದೆ, ಅದನ್ನು ಬಿಚ್ಚಬಾರದು. ದೀಪದ ಜೊತೆಗೆ ಎಂಜಿನ್ ಎಳೆದೆಳೆದು ಬಡಿದುಕೊಳ್ಳುತ್ತಿದ್ದರೆ ಮುಂದೆ ಓಡಿಸದಿರುವುದು ಲೇಸು, ಉರಿಯದ ಪೆಟ್ರೋಲು ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡಬಲ್ಲದು. ಗ್ಯಾರೇಜಿಗೆ ಹೋದಾಗ "ಸೆನ್ಸರ್ ಹೋಗಿದೆ" ಎಂಬ ಮಾತು ಬಂದರೆ ಎರಡು ಪ್ರಶ್ನೆ ಕೇಳಿ: ಸ್ಕ್ಯಾನರಿನಲ್ಲಿ ಬಂದ ಸಂಕೇತ ಯಾವುದು? ಕನೆಕ್ಟರನ್ನು ಬಿಡಿಸಿ ಅಳೆದು ನೋಡಿದಿರಾ?